ಮೂರನೇ ದಿನದ ಪ್ಲೇಟು

ಲ್ಯಾಬಿನಲ್ಲಿ ಅವಳಿಗೆ ಸ್ಕೇಲಮ್ಮ ಎಂದು ಹೆಸರು. ಹದಿನೆಂಟು ವರ್ಷದಿಂದ ಬೆಳಗಾದರೆ ಸ್ಕೇಲು ಹಿಡಿದು ಬ್ಯಾಕ್ಟೀರಿಯಾ ಬೆಳೆದ ಪ್ಲೇಟುಗಳನ್ನು ಅಳೆಯುವುದೇ ಅವಳ ಕೆಲಸ. ಪ್ಲೇಟಿನ ತುಂಬ ರೋಗಿಯ ಬ್ಯಾಕ್ಟೀರಿಯಾ ಹರಡಿ, ಮೇಲೆ ಔಷಧಿ ಹೀರಿಸಿದ ಪುಟ್ಟ ಪುಟ್ಟ ಕಾಗದದ ಬಿಲ್ಲೆಗಳನ್ನಿಟ್ಟು, ಒಂದು ರಾತ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ ಬೆಳಿಗ್ಗೆ ತೀರ್ಪು ಸಿದ್ಧ. ಔಷಧಿ ಕೊಂದಿದ್ದರೆ ಬಿಲ್ಲೆಯ ಸುತ್ತ ತಿಳಿಯಾದ ಬಯಲು. ಕೊಲ್ಲದಿದ್ದರೆ ಬಿಲ್ಲೆಯ ಅಂಚಿನವರೆಗೂ ಹಾವಸೆಯಂಥ ಬೆಳೆ. ಬಯಲು ಎಷ್ಟು ಅಗಲವೋ ರೋಗಿಗೆ ಅಷ್ಟು ನೆಮ್ಮದಿ.

ಆ ಬೆಳಿಗ್ಗೆ ಅವಳು ಮೊದಲು ಎತ್ತಿಕೊಂಡದ್ದು ಅತ್ತೆಯ ಪ್ಲೇಟನ್ನು. ಅತ್ತೆ ಎರಡು ದಿನದ ಹಿಂದೆ ಚಳಿಜ್ವರದಲ್ಲಿ ನಡುಗುತ್ತ, ಸೊಂಟ ಹಿಡಿದುಕೊಂಡು ಇದೇ ಆಸ್ಪತ್ರೆಯ ಮೂರನೇ ಮಹಡಿಗೆ ಸೇರಿದ್ದರು. ಮೂತ್ರಪಿಂಡಕ್ಕೆ ಸೋಂಕು. ಐದು ತಿಂಗಳಲ್ಲಿ ಇದು ಮೂರನೇ ಸಲ.

ಹಿಂದಿನ ಎರಡು ಸಲವೂ ಅತ್ತೆಗೆ ಕೊಟ್ಟಿದ್ದ ಔಷಧಿ ಸಿಪ್ರೊ. ಅದರ ಬಿಲ್ಲೆಯ ಸುತ್ತ ಬಯಲೇ ಇರಲಿಲ್ಲ.

ಅವಳು ಸ್ಕೇಲಿಟ್ಟಳು. ಆರು ಮಿಲಿಮೀಟರ್. ಅದು ಬಿಲ್ಲೆಯ ಸ್ವಂತ ಅಗಲ, ಅಂದರೆ ಸೊನ್ನೆ. ಹಳೆಯ ದಾಖಲೆ ತೆಗೆದು ನೋಡಿದಳು. ಮೊದಲ ಸಲ ಮೂವತ್ತೊಂದು. ಹೊಡೆದರೆ ಒಂದೇ ಏಟಿಗೆ ಮುಗಿಯುವ ಕೇಸು. ಎರಡನೇ ಸಲ ಇಪ್ಪತ್ತಮೂರು. ಪ್ರಮಾಣ ಹೆಚ್ಚಿಸಿದರೆ ಕೇಳಬಹುದು ಎನ್ನುವ ನಡುವಿನ ಸ್ಥಿತಿ. ಕ್ಲಿನಿಕ್ಕಿನ ಡಾಕ್ಟರು ಹಾಗೇ ಮಾಡಿದ್ದರು, ಅದೇ ಮಾತ್ರೆಯನ್ನು ದೊಡ್ಡದಾಗಿ ಬರೆದುಕೊಟ್ಟಿದ್ದರು. ಈಗ ಆರು.

"ಬೇರೆ ಬ್ಯಾಕ್ಟೀರಿಯಾ ಹೊಸದಾಗಿ ಬಂದಿರಬಹುದಲ್ಲ," ಎಂದ ಪಕ್ಕದ ಮೇಜಿನವನು.

"ಉಳಿದ ಬಿಲ್ಲೆಗಳನ್ನು ನೋಡಿ. ಇದು ಹತ್ತೊಂಬತ್ತು, ಆಗಲೂ ಹತ್ತೊಂಬತ್ತು. ಇದು ಇಪ್ಪತ್ತಾರು, ಆಗ ಇಪ್ಪತ್ತೈದು. ಇದು ಮೊದಲಿಂದಲೂ ಜಗ್ಗಿಲ್ಲ, ಈಗಲೂ ಜಗ್ಗಿಲ್ಲ. ಅದೇ ಮುಖ, ಅದೇ ಮೂಗು. ಸಿಪ್ರೊ ಒಂದು ಬಿಟ್ಟು."

"ಅಂದ್ರೆ ಹಳೇ ಬಾಡಿಗೆದಾರನೇ. ಮನೆ ಖಾಲಿ ಮಾಡಿಯೇ ಇಲ್ಲ."

ಅವನು ನಗೆಚಾಟಿಕೆಗೆ ಹೇಳಿದ ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತು. ಹೌದು, ಖಾಲಿ ಮಾಡಿಲ್ಲ. ಹತ್ತು ದಿನ, ದಿನಕ್ಕೆರಡು ಮಾತ್ರೆ, ಒಂದಲ್ಲ ಎರಡು ಸಲ. ಮೂವತ್ತೊಂದು ಮಿಲಿಮೀಟರ್ ಅಗಲದ ಬಯಲು ಬಿಟ್ಟು ಸಾಯುತ್ತಿದ್ದ ಜೀವಿ ನಲವತ್ತು ಮಾತ್ರೆಗಳ ನಡುವೆ ಹೇಗೆ ಬದುಕಿ ಉಳಿಯಿತು? ಒಂದೊಂದೇ ಮೆಟ್ಟಿಲು ಹತ್ತಿದೆ. ಹಾಗೆ ಹತ್ತಬೇಕಾದರೆ ಯಾರೋ ಅದಕ್ಕೆ ಅರೆಬರೆ ಔಷಧಿ ತೋರಿಸಿ ತೋರಿಸಿ ಬಿಟ್ಟಿದ್ದಾರೆ. ಸಾಯದಷ್ಟು, ಆದರೆ ಕಲಿಯುವಷ್ಟು. ಅಲ್ಲ, ಕಲಿಯುವುದು ಎಂಬುದು ಬರೀ ಆಡುಮಾತು. ಬ್ಯಾಕ್ಟೀರಿಯಾಕ್ಕೆ ಕಲಿಯುವ ತಲೆ ಎಲ್ಲಿಂದ ಬರಬೇಕು? ಇರುವ ಕೋಟಿಗಟ್ಟಲೆಯಲ್ಲಿ ಹುಟ್ಟುವಾಗಲೇ ಒಂದೆರಡು ಬೇರೆ ಥರ ಇರುತ್ತವೆ. ಉಳಿದವು ಸತ್ತಾಗ ಅವಕ್ಕೆ ಇಡೀ ಮನೆ ಸಿಗುತ್ತದೆ.

ಯಾರೋ ಮೋಸ ಮಾಡಿದ್ದಾರೆ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಳು. ಯಾರು ಎಂಬುದಷ್ಟೇ ಬಾಕಿ.

ಮೊದಲ ಅನುಮಾನ ಔಷಧಿ ಅಂಗಡಿಯವನ ಮೇಲೆ. ಅತ್ತೆ ಇದ್ದದ್ದು ದೊಡ್ಡ ಮಗನ ಮನೆಯಲ್ಲಿ. ಎರಡು ಸಲವೂ ಮಾತ್ರೆ ಬಂದದ್ದು ಅವರ ಬೀದಿ ಮೂಲೆಯ ಅಂಗಡಿಯಿಂದ. ಆ ಮನುಷ್ಯ ಎಲ್ಲರನ್ನೂ ನಗುನಗುತ್ತ ಮಾತಾಡಿಸುತ್ತಿದ್ದ. ಅಷ್ಟೊಂದು ನಗುವವರನ್ನು ಅವಳು ಎಂದೂ ನಂಬಿದವಳಲ್ಲ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹೋಗಿ ಸಿಪ್ರೊ ಕೇಳಿದಳು. ಚೀಟಿ ಕೇಳುತ್ತಾನೋ ಎಂದು ಕಾದಳು.

"ಎಷ್ಟು ಕೊಡ್ಲಿ ಅಕ್ಕ? ನಾಲ್ಕಾ, ಎಂಟಾ?"

"ಚೀಟಿ ಬೇಡ್ವಾ?"

"ಗೊತ್ತಿರೋರು ನೀವು. ಮುಖವೇ ಚೀಟಿ."

"ನಮ್ಮ ಅತ್ತೆಗೆ ಕೊಟ್ಟಿದ್ದು ಇದೇ ಕಂಪನಿದಾ?"

"ಇದೇ ಡಬ್ಬದ್ದು. ಯಾಕಕ್ಕ, ಏನಾಯ್ತು?" ಅವನ ನಗು ಅರ್ಧಕ್ಕೆ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಮಾತ್ರೆಯ ಪಟ್ಟಿಯನ್ನು ತಿರುಗಿಸಿ ತಾರೀಖು ನೋಡಿಕೊಂಡ. ಅವಳ ಅನುಮಾನ ಇನ್ನೂ ಒಂದು ಗೇಣು ಬೆಳೆಯಿತು.

ಲ್ಯಾಬಿಗೆ ಬಂದವಳೇ ಒಂದು ಮಾತ್ರೆಯನ್ನು ಕುಟ್ಟಿ ಪುಡಿ ಮಾಡಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿದಳು. ಐನೂರು ಮಿಲಿಗ್ರಾಂ ಮಾತ್ರೆ. ಆ ನೀರಿನ ಒಂದು ಸಣ್ಣ ಹನಿಯನ್ನು ಅಳೆದು ಖಾಲಿ ಬಿಲ್ಲೆಗೆ ಹಾಕಿದರೆ ಲ್ಯಾಬಿನ ಬಿಲ್ಲೆಯಲ್ಲಿರುವಷ್ಟೇ ಔಷಧಿ ಆಗಬೇಕು. ಪ್ಲೇಟಿನ ಮೇಲೆ ಸಾಧು ಸ್ವಭಾವದ, ಎಲ್ಲ ಔಷಧಿಗೂ ಬಾಗುವ ಲ್ಯಾಬಿನ ಬ್ಯಾಕ್ಟೀರಿಯಾವನ್ನು ಹರಡಿದಳು. ಒಂದು ಕಡೆ ಕಂಪನಿಯ ಬಿಲ್ಲೆ, ಇನ್ನೊಂದು ಕಡೆ ಅಂಗಡಿಯವನ ಮಾತ್ರೆಯ ಬಿಲ್ಲೆ. ಮಾತ್ರೆಯಲ್ಲಿ ಬರೀ ಸೀಮೆಸುಣ್ಣ ತುಂಬಿದ್ದರೆ ನಾಳೆ ಬೆಳಿಗ್ಗೆ ಗೊತ್ತಾಗುತ್ತದೆ.

"ಅತ್ತೆ ಮೇಲೆ ಇಷ್ಟು ಪ್ರೀತಿ ಇರೋ ಸೊಸೆಯನ್ನ ನಾನು ನೋಡೇ ಇಲ್ಲ," ಎಂದ ಪಕ್ಕದ ಮೇಜಿನವನು.

ಪ್ರೀತಿಯೋ, ಯಾರದಾದರೂ ತಪ್ಪನ್ನು ಕೈಯಾರೆ ಹಿಡಿಯುವ ಹಸಿವೋ. ಅವಳು ಅದನ್ನು ತನ್ನಲ್ಲೇ ಕೇಳಿಕೊಳ್ಳಲಿಲ್ಲ.

ಮರುದಿನ ಎರಡೂ ಬಿಲ್ಲೆಗಳ ಸುತ್ತ ಬಯಲು. ಮೂವತ್ತಮೂರು, ಮೂವತ್ತೆರಡು. ಮಾತ್ರೆ ಅಪ್ಪಟ. ಚೀಟಿಯಿಲ್ಲದೆ ಮಾರುವ ಅವನ ಚಾಳಿ ಕೆಟ್ಟದ್ದೇ, ಆದರೆ ಈ ಕಳ್ಳತನ ಅವನದಲ್ಲ. ಅವಳಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಔಷಧಿ ಸರಿಯಿದ್ದರೆ ಉಳಿದದ್ದು ಔಷಧಿ ಕೊಟ್ಟ ಕೈ.

ಆ ಕೈ ಅವಳ ವಾರಗಿತ್ತಿಯದು.

ವಾರಗಿತ್ತಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಹಾಕಿಕೊಂಡಿದ್ದಳು. ಸದಾ ಕತ್ತಿನಲ್ಲಿ ಟೇಪು, ತುಟಿಯಲ್ಲಿ ಗುಂಡುಸೂಜಿ. ಹಾಗಾಗಿ ಅರ್ಧ ಮಾತು ಹಲ್ಲಿನ ಸಂದಿಯಲ್ಲೇ ಉಳಿಯುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಅಳೆಯುವುದರಲ್ಲಿ ಪಳಗಿದವರು: ಇವಳ ಅಳತೆ ಮಿಲಿಮೀಟರು, ಅವಳದು ಇಂಚು. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಜಗಳವಾಡಿದವರಲ್ಲ. ಜಗಳವಾಡಿದ್ದರೆ ಒಳ್ಳೆಯದಿತ್ತೇನೋ. 'ನೀನು ಓದಿದವಳು' ಎಂದು ಅವಳು ಹೇಳುವಾಗ ಅದು ಹೊಗಳಿಕೆಯೋ ಚುಚ್ಚೋ ಎಂದು ಸ್ಕೇಲಮ್ಮನಿಗೆ ಈವರೆಗೂ ತಿಳಿದಿರಲಿಲ್ಲ.

ಸಂಜೆ ನೇರ ಅಲ್ಲಿಗೇ ಹೋದಳು. ಮಿಷನ್ನು ಓಡುತ್ತಿತ್ತು.

"ಅಕ್ಕ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬಾರದು."

"ಬೇಜಾರಾಗೋ ಮಾತಿಗೇ ಈ ಪೀಠಿಕೆ ಹಾಕೋದು. ಕೇಳು."

"ಅತ್ತೆಗೆ ಮಾತ್ರೆ ದಿನಾ ಕೊಟ್ರಾ? ಹತ್ತು ದಿನವೂ?"

ಮಿಷನ್ನು ನಿಂತಿತು. ವಾರಗಿತ್ತಿ ತುಟಿಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. ನಾಲ್ಕು ಸೂಜಿ. ಅಷ್ಟು ಹೊತ್ತು ಯಾಕೆ ಬೇಕು ಎಂದು ಇವಳಿಗೆ ಅನ್ನಿಸಿತು. ಉತ್ತರ ಹೊಲಿಯುತ್ತಿದ್ದಾಳೆಯೇ?

"ಯಾರು ಹೇಳಿದ್ರು ಕೊಡ್ಲಿಲ್ಲ ಅಂತ?"

"ಪ್ಲೇಟು ಹೇಳ್ತು."

"ಓಹೋ. ಪ್ಲೇಟಿಗೆ ನನ್ನ ಹೆಸರೂ ಗೊತ್ತಾ?"

"ಅಕ್ಕ, ತಮಾಷೆ ಅಲ್ಲ. ಹೊಲಿಗೆ ಗಡಿಬಿಡಿಯಲ್ಲಿ ಒಂದೆರಡು ತಪ್ಪಿರಬಹುದು, ಜ್ವರ ಇಳಿದ ಮೇಲೆ ಸಾಕು ಅನ್ನಿಸಿರಬಹುದು. ನಾನು ಬೈಯ್ಯೋದಿಲ್ಲ. ನಿಜ ಹೇಳಿದ್ರೆ ವಾರ್ಡಿನ ಡಾಕ್ಟರಿಗೆ ಹೇಳಬಹುದು. ಈಗ ಬಾಯಲ್ಲಿ ನುಂಗೋ ಔಷಧಿ ಯಾವುದೂ ಉಳಿದಿಲ್ಲ. ಸೂಜಿಯಲ್ಲಿ ಕೊಡೋದು ಎರಡೇ ಇವೆ. ಅವೂ ಕೈಕೊಟ್ರೆ..."

ಮಾತು ಮುಗಿಸಲಾಗಲಿಲ್ಲ. ವಾರಗಿತ್ತಿ ಎದ್ದು, ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಅತ್ತೆಯ ಕೋಣೆ. ಮಂಚ, ಅದರ ತಲೆಯ ಬಳಿ ಮರದ ಬೀರು. ಬೀರುವಿನ ಬಾಗಿಲನ್ನು ತೆರೆದು ಒಳಮೈ ತೋರಿಸಿದಳು. ಅಲ್ಲಿ ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದ ಗೀಟುಗಳು. ಎರಡೆರಡರ ಜೋಡಿ, ಒಂದರ ಕೆಳಗೊಂದು. ಮೊದಲ ಸಾಲಿನಲ್ಲಿ ಹತ್ತು ಜೋಡಿ. ಪಕ್ಕದ ಸಾಲಿನಲ್ಲಿ ಇನ್ನು ಹತ್ತು.

"ಎಣಿಸು. ನೀನು ಓದಿದವಳು, ಎಣಿಸೋಕೆ ಬರುತ್ತಲ್ಲ. ಒಂದೊಂದು ಸಲ ಕೈಗೆ ಕೊಟ್ಟಾಗ್ಲೂ ಒಂದೊಂದು ಗೀಟು. ಗಿರಾಕಿ ಬಾಗಿಲಲ್ಲಿ ನಿಂತಿದ್ರೂ ಎದ್ದು ಬಂದು ಕೊಟ್ಟಿದ್ದೀನಿ."

ಸ್ಕೇಲಮ್ಮ ಎಣಿಸಿದಳು. ನಾಚಿಕೆಯಾದರೂ ಎಣಿಸಿದಳು. ನಲವತ್ತು. ಆದರೆ ಒಮ್ಮೆ ಮೂಡಿದ ಸಂದೇಹ ಅಷ್ಟಕ್ಕೇ ಬಾಲ ಮುದುರುವುದಿಲ್ಲ. ಗೀಟು ಎಳೆಯಲು ಎಷ್ಟು ಹೊತ್ತು? ಇವಳು ಬಾಗಿಲು ತಟ್ಟುವ ಮುಂಚೆ ಎಳೆದಿರಬಾರದೇಕೆ? ಬೆರಳು ತಾಗಿಸಿ ನೋಡಿದಳು. ಹಳೆಯ ಸುಣ್ಣ ಮರದ ಎಳೆಗಳೊಳಗೆ ಇಳಿದು ಮಾಸಿತ್ತು. ಬೆರಳಿಗೆ ಅಂಟಲಿಲ್ಲ.

ವಾರಗಿತ್ತಿ ಆ ಬೆರಳನ್ನೇ ನೋಡುತ್ತಿದ್ದಳು. ಅವಳ ಕಣ್ಣು ತುಂಬಿತು, ಹರಿಯಲಿಲ್ಲ.

"ಕೈಗೆ ಕೊಟ್ರಿ," ಎಂದಳು ಸ್ಕೇಲಮ್ಮ ಮೆಲ್ಲಗೆ. "ಬಾಯಿಗೆ?"

"ಅವರೇನು ಎಳೇ ಮಗುವಾ? ಕೈಗೆ ಮಾತ್ರೆ ಕೊಟ್ಟು, ನೀರಿನ ಲೋಟ ಪಕ್ಕಕ್ಕಿಟ್ಟು..." ಅವಳು ಮಾತು ನಿಲ್ಲಿಸಿದಳು. ಇಬ್ಬರೂ ಒಂದೇ ಸಲ ಮಂಚದ ಕಡೆ ತಿರುಗಿದರು.

ಹುಡುಕುವುದರಲ್ಲಿ ವಾರಗಿತ್ತಿಯದೇ ಮೇಲುಗೈ. ದಿಂಬಿನ ಚೀಲದ ಹೊಲಿಗೆಯನ್ನು ಬೆರಳಲ್ಲೇ ಸವರಿ ನೋಡಿದಳು. ಹಾಸಿಗೆಯ ಅಡಿ ತಡಕಿದಳು. ಕೊನೆಗೆ ಬೀರುವಿನ ಮೇಲಿನ ಗುಂಡಿ ಡಬ್ಬಿಯನ್ನು ಇಳಿಸಿ ಅಲುಗಾಡಿಸಿದಳು. "ಇದು ನನ್ನ ಹಳೇ ಡಬ್ಬಿ. ಗುಂಡಿ ಸದ್ದು ನನಗೆ ಗೊತ್ತು. ಇದು ಗುಂಡಿ ಸದ್ದಲ್ಲ," ಎಂದು ಮುಚ್ಚಳ ತೆಗೆದಳು.

ಬಿಳಿ ಉದ್ದ ಮಾತ್ರೆಗಳು. ಚಿಕ್ಕವು, ದೊಡ್ಡವು, ಎರಡೂ ಬಗೆ. ಹದಿನೈದು.

ವಾರಗಿತ್ತಿ ಮಂಚದ ಮೇಲೆ ಕುಸಿದು ಕೂತಳು. "ಉಳಿದದ್ದೆಲ್ಲ ನುಂಗಿದ್ದಾರೋ ಇಲ್ವೋ ಯಾವನಿಗೆ ಗೊತ್ತು? ನಾನೇನೋ ಗೀಟು ಎಳೆದದ್ದೇ ಎಳೆದದ್ದು."

"ನನ್ನನ್ನ ಕ್ಷಮಿಸಿ ಅಕ್ಕ."

"ಅದು ಆಮೇಲೆ. ಮೊದಲು ಆಸ್ಪತ್ರೆಗೆ ನಡಿ. ನನಗೂ ಅತ್ತೆ ಹತ್ರ ಕೇಳೋದಿದೆ."

ವಾರ್ಡಿನಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ತೋಳಿನಲ್ಲಿ ಸೂಜಿ, ಮುಖ ಇನ್ನೂ ಬಿಸಿಗೆ ಕೆಂಪು. ಇಬ್ಬರು ಸೊಸೆಯರು ಒಟ್ಟಿಗೆ ಬಂದದ್ದು ನೋಡಿ ಅವರ ಹುಬ್ಬು ಮೇಲೇರಿತು. "ಏನು, ಇಬ್ಬರೂ ಜೋಡಿ? ಡಾಕ್ಟರು ಏನೋ ಹೇಳಿದ್ದಾರೆ, ನನ್ನ ಹತ್ರ ಮುಚ್ಚಿಡ್ತಿದ್ದೀರಿ."

ವಾರಗಿತ್ತಿ ಗುಂಡಿ ಡಬ್ಬಿಯನ್ನು ಹೊದಿಕೆಯ ಮೇಲಿಟ್ಟಳು. ಅತ್ತೆ ಅದನ್ನು ನೋಡಿದರು. ಸಿಕ್ಕಿಬಿದ್ದ ಮುಖವಲ್ಲ, ಮನೆಯಲ್ಲಿ ಬಿಟ್ಟುಬಂದ ಸಾಮಾನು ತಂದುಕೊಟ್ಟಾಗ ಆಗುವ ಮುಖ.

"ತಂದ್ರಾ? ಒಳ್ಳೇದಾಯ್ತು. ಇಲ್ಲಿಯವರು ಬರೀ ಸೂಜಿ ಚುಚ್ತಾರೆ."

"ಅತ್ತೆ, ಇದನ್ನ ಯಾಕೆ ನುಂಗಲಿಲ್ಲ?"

"ನುಂಗಿದೆನಲ್ಲ. ಎಷ್ಟು ಬೇಕೋ ಅಷ್ಟು. ವಾಸಿ ಆದ್ಮೇಲೆ ಸುಮ್ಮನೆ ಯಾಕೆ ಹೊಟ್ಟೆಗೆ ವಿಷ? ಇಟ್ಕೊಂಡೆ. ಆಮೇಲೆ ಉರಿ ಕಾಣಿಸಿದಾಗ ಒಂದೋ ಎರಡೋ ಹಾಕ್ಕೊಳ್ತಿದ್ದೆ, ತಕ್ಷಣ ಕಮ್ಮಿ ಆಗ್ತಿತ್ತು. ಪಕ್ಕದ ಮನೆಯಾಕೆಗೆ ಹಲ್ಲುನೋವಿಗೂ ಎರಡು ಕೊಟ್ಟೆ. ಪಾಪ, ಉಪಯೋಗ ಆಯ್ತಂತೆ."

"ದೇವ್ರೇ," ಎಂದಳು ವಾರಗಿತ್ತಿ. "ನಾನು ಮಿಷನ್ ಬಿಟ್ಟು ಓಡಿ ಬಂದು ಕೊಟ್ಟಿದ್ದು ಡಬ್ಬಿಗೆ!"

ಸ್ಕೇಲಮ್ಮನಿಗೆ ಕೊನೆಗೂ ಕಳ್ಳ ಸಿಕ್ಕ ಹಾಗಾಯಿತು. ಧ್ವನಿ ತಾನಾಗಿ ಗಡುಸಾಯಿತು. "ವಾಸಿ ಆಯ್ತು ಅಂತ ನಿಮಗೆ ಯಾರು ಹೇಳಿದ್ರು? ಡಾಕ್ಟರು ಹೇಳಿದ್ದು ಹತ್ತು ದಿನ. ನಿಲ್ಲಿಸು ಅಂತ ಹೇಳಿದವರು ಯಾರು?"

ಅತ್ತೆ ಅವಳನ್ನೇ ದಿಟ್ಟಿಸಿದರು. ಈ ಪ್ರಶ್ನೆಯಲ್ಲೇ ಏನೋ ಬಲೆ ಇದೆ ಎಂಬಂತೆ.

"ನೀನೇ ಅಲ್ವೇನಮ್ಮ?"

"ನಾನಾ?"

"ಮರೆತೆಯಾ? ಮೊದಲ ಸಲ, ಮೂರನೇ ದಿನ ಬಂದು ನೀನೇ ಬಾಟ್ಲಿ ಕೊಟ್ಟು ಉಚ್ಚೆ ತಗೊಂಡು ಹೋದೆ. ಒಂದು ದಿನ ಬಿಟ್ಟು ಫೋನ್ ಮಾಡಿದೆ. 'ಅತ್ತೆ, ಪ್ಲೇಟು ಖಾಲಿ, ಒಂದೂ ಬೆಳೆದಿಲ್ಲ, ಕನ್ನಡಿ ಹಂಗಿದೆ' ಅಂದೆ. ಅಷ್ಟು ಖುಷಿಯಾಗಿ ನೀನು ನನ್ನ ಹತ್ರ ಯಾವತ್ತೂ ಮಾತಾಡಿಲ್ಲ. ಇವಳ ಮಾತಾದ್ರೆ ನಂಬ್ತಿರಲಿಲ್ಲ. ನೀನು ಕಣ್ಣಾರೆ ನೋಡಿದವಳು. ಒಂದೂ ಇಲ್ಲ ಅಂದ್ಮೇಲೆ ಇನ್ನು ಯಾರನ್ನ ಕೊಲ್ಲೋಕೆ ಮಾತ್ರೆ? ಮುಂದಿನ ಸಲವೂ ಮೂರ್ನಾಲ್ಕು ದಿನ ತಗೊಂಡೆ, ಉರಿ ಹೋಯ್ತು, ನಿಲ್ಲಿಸಿದೆ. ಇವಳಿಗೆ ಹೇಳಿದ್ರೆ ಗಲಾಟೆ ಮಾಡ್ತಾಳೆ ಅಂತ ಹೇಳಲಿಲ್ಲ, ಅಷ್ಟೆ."

ವಾರ್ಡಿನ ಆ ತುದಿಯಲ್ಲಿ ಯಾರೋ ತಟ್ಟೆ ಬೀಳಿಸಿದರು. ಸ್ಕೇಲಮ್ಮನಿಗೆ ಆ ಸದ್ದು ಬಹಳ ದೂರದಿಂದ ಬಂದಂತಾಯಿತು.

ನೆನಪಿತ್ತು. ಎಲ್ಲ ನೆನಪಿತ್ತು. ಯಾವ ಡಾಕ್ಟರೂ ಕೇಳಿರದ ಪರೀಕ್ಷೆ ಅದು. ಜ್ವರ ಇಳಿದಿದೆ ಎಂದು ಕೇಳಿದ ಮೇಲೂ ಮನಸ್ಸು ತಡೆಯದೆ, ಸೀಸೆಯನ್ನು ಚೀಲದಲ್ಲಿಟ್ಟುಕೊಂಡು ಹೋಗಿ, ಅರ್ಜಿಯಿಲ್ಲದೆ, ನಂಬರಿಲ್ಲದೆ, ಮೂಲೆಯಲ್ಲೊಂದು ಪ್ಲೇಟು ಹಾಕಿದ್ದಳು. ಮನೆಯವರದು ಎಂಬ ಸಲಿಗೆ. ಲ್ಯಾಬಿನ ಅರ್ಜಿಯಲ್ಲಿ ಒಂದು ಚೌಕವಿದೆ: 'ರೋಗಿ ಈಗ ಆ್ಯಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದಾರೆಯೇ?' ಅದನ್ನು ತುಂಬದೆ ಕಳಿಸಿದ ನರ್ಸುಗಳಿಗೆ ಫೋನಿನಲ್ಲಿ ಅವಳು ಮಾಡುತ್ತಿದ್ದ ಮಂಗಳಾರತಿ ಇಡೀ ಆಸ್ಪತ್ರೆಗೆ ಪ್ರಸಿದ್ಧ. ಔಷಧಿ ನಡೆಯುವಾಗ ತೆಗೆದ ಮೂತ್ರದಲ್ಲಿ ಔಷಧಿಯೂ ಇರುತ್ತದೆ. ಅದು ಪ್ಲೇಟಿನ ಮೇಲೂ ಕೊಲ್ಲುತ್ತಲೇ ಇರುತ್ತದೆ. ಪ್ಲೇಟು ಖಾಲಿ ಇದ್ದರೆ ಮೈಯೊಳಗೆ ಖಾಲಿ ಎಂದಲ್ಲ. ಮೂತ್ರಪಿಂಡದ ಸಂದಿಗೊಂದಿಯಲ್ಲಿ ಕೂತವು ಆ ಸೀಸೆಗೆ ಇಳಿದೇ ಇರುವುದಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿ ಕಲಿತ ಪಾಠ. ತನ್ನ ಅತ್ತೆಯ ಸೀಸೆಗೆ ಅರ್ಜಿಯೇ ಇರಲಿಲ್ಲವಲ್ಲ, ಚೌಕ ತುಂಬಿಸಲು ಯಾರನ್ನು ಗದರಬೇಕಿತ್ತು?

ಬೇರೆಯವರ ಎಲೆಯ ನೊಣವನ್ನು ಹುಡುಕಿಕೊಂಡು ಎರಡು ದಿನ ಬೀದಿ ಸುತ್ತಿದಳು. ಹೆಗ್ಗಣ ಸತ್ತು ಬಿದ್ದದ್ದು ತನ್ನ ಎಲೆಯಲ್ಲಿ.

ವಾರಗಿತ್ತಿ ಒಂದು ಮಾತು ಅಂದುಬಿಟ್ಟಿದ್ದರೆ ಚೆನ್ನಾಗಿತ್ತು. ಕತ್ತಿನ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಳು. ಆಮೇಲೆ ಬೇರೆಯೇ ಏನನ್ನೋ ಕೇಳಿದಳು.

"ಅಲ್ವೇ, ನಿಲ್ಲಿಸಿದ್ರೆ ಮತ್ತೆ ಕಾಯಿಲೆ ಬರುತ್ತೆ, ಅದು ಸರಿ. ಆದ್ರೆ ಮಾತ್ರೆಗೇ ಜಗ್ಗದ ಹಾಗೆ ಹೇಗಾಯ್ತು? ಅದೇ ಹುಳ, ಅದೇ ಮಾತ್ರೆ."

"ಅದೇ ಅಲ್ಲ ಅಕ್ಕ. ನೀವು ಒಂದು ಅಳತೆ ಕಾಗದ ಇಟ್ಕೊಂಡು ಸಾವಿರ ರವಿಕೆ ಕತ್ತರಿಸಿದ್ರೆ?"

"ಒಂದೆರಡು ಕಡೆ ಕತ್ತರಿ ಜಾರುತ್ತೆ."

"ಅವೂ ಹಾಗೇ. ಒಂದು ಎರಡಾಗ್ತಾ, ಎರಡು ನಾಲ್ಕಾಗ್ತಾ ಕೋಟಿಗಟ್ಟಲೆ ನಕಲು. ಎಲ್ಲೋ ಒಂದರಲ್ಲಿ ಕತ್ತರಿ ಜಾರುತ್ತೆ. ಹೆಚ್ಚಿನ ಸಲ ಅದು ದಂಡ. ಅಪರೂಪಕ್ಕೆ ಒಂದರಲ್ಲಿ ಮಾತ್ರೆ ಬಂದು ಹಿಡಿಯೋ ಜಾಗವೇ ಕೊಂಚ ಬದಲಾಗಿರುತ್ತೆ, ಹಿಡಿತ ಸಡಿಲ. ಮಾತ್ರೆ ಪೂರ್ತಿ ನಡೆದಿದ್ರೆ ಉಳಿದವು ಕಮ್ಮಿಯಾಗ್ತಾ ಆಗ್ತಾ, ಅಂಥ ಒಂದೆರಡನ್ನೂ ಮೈಯ ಕಾವಲೇ ಮುಗಿಸ್ತಿತ್ತು. ಅರ್ಧಕ್ಕೆ ನಿಲ್ಲಿಸಿದ್ವಿ. ಗಟ್ಟಿಯವೇ ಉಳಿದು ಬೆಳೆದವು. ಮೇಲೆ ಆಗಾಗ ಒಂದೊಂದು ಮಾತ್ರೆ. ಮೆತ್ತಗಿನವು ಸತ್ತು ಗಟ್ಟಿಯವಕ್ಕೆ ಜಾಗ ಆಯ್ತು. ಅವುಗಳಲ್ಲಿ ಮತ್ತೊಂದರ ಕತ್ತರಿ ಜಾರಿತು. ಮೂವತ್ತೊಂದು, ಇಪ್ಪತ್ತಮೂರು, ಸೊನ್ನೆ."

"ಹಾವನ್ನ ಅರೆಜೀವ ಮಾಡಿ ಬಿಟ್ಟ ಹಾಗೆ," ಎಂದಳು ವಾರಗಿತ್ತಿ.

"ನನ್ನ ಮುಂದೆ ನನ್ನ ಹೊಟ್ಟೇಲಿ ಹಾವಿದೆ ಅಂತೀರಲ್ಲ," ಎಂದರು ಅತ್ತೆ.

ವಾರ್ಡಿನ ಡಾಕ್ಟರು ಸಂಜೆಯ ಸುತ್ತಿಗೆ ಬಂದಾಗ ಸ್ಕೇಲಮ್ಮ ಎದ್ದು ನಿಂತಳು. ಡಬ್ಬಿ ಅವಳ ಕೈಯಲ್ಲಿತ್ತು. ಅತ್ತೆ ಹಟಮಾರಿ, ಮಾತ್ರೆ ಬಚ್ಚಿಟ್ಟರು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಳ್ಳೂ ಆಗುತ್ತಿರಲಿಲ್ಲ. ಹೆಂಗಸರ ಬದುಕಿನಲ್ಲಿ ಇಂಥ ಅರ್ಧ ನಿಜಗಳೇ ಎಷ್ಟೋ ಮನೆಗಳನ್ನು ನಿಲ್ಲಿಸಿವೆ. ಆದರೆ ವಾರಗಿತ್ತಿಯ ದೃಷ್ಟಿ ಅವಳ ಬೆನ್ನಿನ ಮೇಲಿತ್ತು, ಸುಣ್ಣಕ್ಕೆ ಬೆರಳು ತಾಗಿಸಿ ನೋಡಿದಾಗ ಆ ಬೆರಳಿನ ಮೇಲಿದ್ದಂತೆಯೇ.

"ಮಾತ್ರೆ ಎರಡು ಸಲವೂ ಅರ್ಧಕ್ಕೇ ನಿಂತಿದೆ ಸಾರ್. ಆಮೇಲೆ ಆಗಾಗ ಬಿಡಿಬಿಡಿಯಾಗಿ ನುಂಗಿದ್ದಾರೆ. ಮೊದಲ ಸಲ ನಿಂತದ್ದು ನನ್ನಿಂದ. ಔಷಧಿ ನಡೀತಿರೋವಾಗ್ಲೇ ಕಲ್ಚರ್ ಹಾಕಿ ಎಲ್ಲಾ ಸ್ವಚ್ಛ ಅಂತ ಹೇಳಿಬಿಟ್ಟೆ."

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ನೀವಾ? ನಮ್ಮ ನರ್ಸುಗಳಿಗೆ ಬೈಯೋ ನೀವಾ?"

"ನಾನೇ."

ಅವರು ಚಾರ್ಟಿನಲ್ಲಿ ಬರೆದರು. ಬಿಲ್ಲೆಗಳು ಒಪ್ಪಿದ ಎರಡು ಔಷಧಿಗಳಲ್ಲಿ ಒಂದು, ಹದಿನಾಲ್ಕು ದಿನ. ಒಂದು ದಿನವೂ ಕಮ್ಮಿಯಿಲ್ಲ. "ಇದು ಹಿಡಿದ್ರೆ ಗೆದ್ದೆವು," ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು.

ಹಿಡಿಯಿತು. ನಾಲ್ಕನೇ ದಿನ ಬೆಳಿಗ್ಗೆ ಅತ್ತೆಯ ಮೈ ತಣ್ಣಗಿತ್ತು. ತಲೆ ಬಾಚಿಸಿಕೊಂಡು ಕೂತಿದ್ದರು. ಸ್ಕೇಲಮ್ಮ ಕೆಲಸದ ನಡುವೆ ಮೇಲೆ ಬಂದಾಗ ಮೊದಲ ಮಾತೇ ಅದು.

"ಜ್ವರ ಬಿಟ್ಟಿತು. ಇನ್ನು ಸೂಜಿ ಸಾಕು ಅಂತ ಹೇಳಮ್ಮ ಡಾಕ್ಟರಿಗೆ. ಪ್ಲೇಟು ಏನು ಹೇಳುತ್ತೆ?"

"ಪ್ಲೇಟು ಹಾಕಿಲ್ಲ ಅತ್ತೆ."

"ಸುಳ್ಳು. ಹಾಕದೆ ಇರೋಳಲ್ಲ ನೀನು."

"ಹದಿನಾಲ್ಕು ದಿನ ಮುಗೀಲಿ. ಆಮೇಲೂ ಡಾಕ್ಟರು ಬರೆದುಕೊಟ್ರೆ ಹಾಕ್ತೀನಿ."

ಅತ್ತೆ ಕಣ್ಣು ಕಿರಿದು ಮಾಡಿ ಅವಳ ಮುಖ ಓದಿದರು. ಎಷ್ಟೋ ವರ್ಷ ಸೊಸೆಯಂದಿರನ್ನು ಹಾಗೆ ಓದಿದ ಕಣ್ಣು. "ಹಾಕಿದ್ದೀಯ. ಖಾಲಿ ಬಂದಿದೆ. ನನಗೆ ಹೇಳ್ತಿಲ್ಲ," ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು.

ಮಂಚದ ಆ ಬದಿಯಲ್ಲಿ ವಾರಗಿತ್ತಿ ಕೂತಿದ್ದಳು. ನರ್ಸು ಸೂಜಿ ಕೊಟ್ಟು ಹೋಗುವವರೆಗೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದು, ಔಷಧಿ ಪೂರ್ತಿ ಒಳಗೆ ಹೋದದ್ದನ್ನು ನೋಡಿದ ಮೇಲೆಯೇ ಸೊಂಟದಿಂದ ನೀಲಿ ಸುಣ್ಣದ ತುಂಡು ತೆಗೆದು ಮಂಚದ ಪಕ್ಕದ ಪೆಟ್ಟಿಗೆಯ ಮೇಲೆ ಒಂದು ಗೀಟು ಎಳೆದಳು. ನಾಲ್ಕನೆಯದು.

ಆಮೇಲೆ ಸುಣ್ಣದ ತುಂಡನ್ನು ಸ್ಕೇಲಮ್ಮನ ಕಡೆ ಚಾಚಿದಳು.

"ನಾಳೆ ನನಗೆ ಗಿರಾಕಿ ಇದ್ದಾರೆ. ನೀನು ಕೂತ್ಕೊ. ಚುಚ್ಚಿದ್ದು ನೋಡಿ ಗೀಟು ಎಳಿ." ಮತ್ತೆ ಸೇರಿಸಿದಳು, "ಬಂದು ಬೆರಳು ತಾಗಿಸಿ ನೋಡ್ತೀನಿ, ಹಸಿಯೋ ಹಳೇದೋ ಅಂತ."

ಸ್ಕೇಲಮ್ಮ ಕೈ ಚಾಚಿ ಅದನ್ನು ತೆಗೆದುಕೊಂಡಳು.